ಗೋಡೆಯ ಮೇಲೆ ಪೆನ್ಸಿಲ್ ಗೆರೆ

ಡೊಂಬಿವಲಿಯ ನಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಸೂರಿಗೆ ತಗುಲಿದ ಮೂಲೆಯಲ್ಲಿ, ಜೂನ್ 28ರ ಬೆಳಿಗ್ಗೆ ಅಂಗೈಯಗಲದ ಒಂದು ಕಲೆ ಕಂಡಿತು. ಮಳೆಗಾಲ ತಾನೇ ಅಂದುಕೊಂಡು ಸುಮ್ಮನಾದೆವು. ವಾರ ಕಳೆಯುವಷ್ಟರಲ್ಲಿ ಅದು ತಟ್ಟೆಯಷ್ಟಾಯಿತು, ಬಣ್ಣ ಉಬ್ಬಿತು, ಕೆಳಗಿಟ್ಟಿದ್ದ ಮಗಳ ಶಾಲೆಯ ಪುಸ್ತಕಗಳಿಗೆ ಬೂಷ್ಟು ವಾಸನೆ ಹತ್ತಿತು.

ಆಮೇಲೆ ನಡೆದದ್ದು ಮುಂಬೈ ಕಡೆ ಬಾಡಿಗೆಗೆ ಇರುವ ಯಾರಿಗೂ ಹೊಸತಲ್ಲ. ಮಾಲೀಕರು ಪುಣೆಯಲ್ಲಿರುತ್ತಾರೆ. ಫೋನ್ ಮಾಡಿದರೆ, "ಅದು ಸೊಸೈಟಿ ಕೆಲಸ, ಹೇಳ್ತೀನಿ" ಎಂದರು. ಸೊಸೈಟಿಯ ಸೆಕ್ರೆಟರಿ, "ನೀವು ಮೆಂಬರ್ ಅಲ್ಲ, ಮಾಲೀಕರಿಂದ ಬರಲಿ. ಹೇಗೂ ಮಳೆಗಾಲ ಮುಗಿಯದೆ ಏನೂ ಮಾಡಲಾಗದು" ಎಂದರು. ಮೂರನೇ ಮಹಡಿಯ ಕಾಕಾ ಬಾಗಿಲಲ್ಲೇ ನಿಂತು, ತಮ್ಮ ಬಾತ್‌ರೂಮಿಗೆ ಹೋದ ವರ್ಷವಷ್ಟೇ ಹೊಸ ಟೈಲ್ಸ್ ಹಾಕಿಸಿದ್ದಾಗಿಯೂ ಅಲ್ಲಿಂದ ಹನಿ ನೀರೂ ಇಳಿಯುವುದಿಲ್ಲವೆಂದೂ ಹೇಳಿ ಬಾಗಿಲು ಹಾಕಿಕೊಂಡರು. ನಾನು ಮಾತ್ರ ತಪ್ಪು ಅವರದ್ದೇ ಎಂದು ತೀರ್ಮಾನಿಸಿಬಿಟ್ಟಿದ್ದೆ. ನಮ್ಮ ತಲೆಯ ಮೇಲಿರುವುದು ಅವರ ಬಾತ್‌ರೂಮು, ಇನ್ನೇನು ಬೇಕು?

ಜುಲೈ 10ರ ರಾತ್ರಿ ಹನ್ನೆರಡಕ್ಕೆ ಕೂತು ಮಾಲೀಕರಿಗೆ ಒಂದು ಉದ್ದನೆಯ ಇಮೇಲ್ ಬರೆದೆ. ತಿಂಗಳು ತಪ್ಪದೆ ಬಾಡಿಗೆ ಕಟ್ಟುವುದು, ಮಗಳ ಕೆಮ್ಮು, ಕಾಕಾ ಅವರ ಉಡಾಫೆ, ಸೆಕ್ರೆಟರಿಯ ಅಹಂಕಾರ, ಕೊನೆಗೆ "ಮುಂದಿನ ತಿಂಗಳ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇನೆ" ಎಂಬ ಬೆದರಿಕೆ, ಎಲ್ಲವೂ ಅದರಲ್ಲಿತ್ತು. ಪುಣ್ಯಕ್ಕೆ ಕಳಿಸಲಿಲ್ಲ. ಮರುದಿನ ಆಫೀಸಿನಲ್ಲಿ ಧಾರವಾಡದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ಠಾಣೆಯ ತಮ್ಮ ಸೊಸೈಟಿಯಲ್ಲಿ ಆರು ವರ್ಷ ಖಜಾಂಚಿಯಾಗಿದ್ದವರು. ಓದಿ, ಕನ್ನಡಕ ತೆಗೆದು, "ಏನಪಾ, ಇದ್ರಾಗ ಬರೇ ಸಿಟ್ಟು ಐತಿ. ನೀರು ಎಲ್ಲೈತಿ?" ಎಂದರು.

ಅವರು ಇನ್ನೊಂದು ಮಾತನ್ನೂ ಹೇಳಿದರು. ಮುಂದಿನದೆಲ್ಲ ನಡೆದದ್ದು ಅದರ ಮೇಲೆಯೇ. ಬಾಡಿಗೆದಾರನ ಮೇಲ್ ಓದುವವರು ಇಬ್ಬರು. ಮೊದಲು ಮಾಲೀಕ, ಆಮೇಲೆ ಸೊಸೈಟಿಯ ಕಮಿಟಿ. ಕಮಿಟಿಯ ಜೊತೆ ಮಾತಾಡುವ ಅಧಿಕಾರ ಇರುವುದು ಮಾಲೀಕನಿಗೆ, ಏಕೆಂದರೆ ಸೊಸೈಟಿಯ ಸದಸ್ಯ ಅವನೇ. ಆದರೆ ಕಲೆ ದಿನಾ ಕಣ್ಣಿಗೆ ಬೀಳುವುದು ನಿನಗೆ. ಹಾಗಾಗಿ ಮಾಲೀಕ ಒಂದಕ್ಷರವನ್ನೂ ಬದಲಿಸದೆ ಮುಂದಕ್ಕೆ ಕಳಿಸುವಂಥ ಮೇಲ್ ಬರೆಯಬೇಕು. ಕಮಿಟಿಯವರನ್ನು ಬೈದಿದ್ದರೆ ಅವನು ಕಳಿಸುವುದಿಲ್ಲ. ಅವನನ್ನೇ ಬೈದಿದ್ದರಂತೂ ಮೊದಲೇ ಇಲ್ಲ. ಬಾಡಿಗೆಯಲ್ಲಿ ಹಿಡಿಯುತ್ತೇನೆ ಎಂದರೆ ಜಗಳದ ವಿಷಯವೇ ಬೇರೆಯಾಗಿ, ನೀರು ಹಿಂದೆ ಸರಿಯುತ್ತದೆ.

ಬರೆಯುವ ಮುಂಚೆ ನೀರು ಯಾವಾಗ ಬರುತ್ತದೆ ಎಂದು ನೋಡು ಎಂದರು. ಎಲ್ಲಿಂದ ಅಂತಲ್ಲ, ಯಾವಾಗ.

ಅಂದು ಸಂಜೆಯಿಂದ ನಾನು ಪೆನ್ಸಿಲ್ ಹಿಡಿದೆ. ಕಲೆಯ ಅಂಚಿನ ಗುಂಟ ತೆಳ್ಳಗೆ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದೆ. ದಿನಾ ಬೆಳಿಗ್ಗೆ ಏಳಕ್ಕೆ, ಕಲೆ ಗೆರೆ ದಾಟಿದ್ದರೆ ಹೊಸ ಗೆರೆ. ಒಂದು ಹಳೆಯ ಡೈರಿಯಲ್ಲಿ ನಾಲ್ಕು ವಿಷಯ: ಹೊರಗೆ ಮಳೆ ಇತ್ತೇ, ಹನಿ ಬೀಳಲು ಶುರುವಾದದ್ದು ಎಷ್ಟಕ್ಕೆ, ನಿಂತದ್ದು ಎಷ್ಟಕ್ಕೆ, ರಾತ್ರಿ ಮಲಗುವಾಗ ಹೇಗಿತ್ತು. ಹೆಂಡತಿ ನಕ್ಕಳು, ಆದರೆ ಮಧ್ಯಾಹ್ನದ ಹೊತ್ತನ್ನು ಬರೆದಿಟ್ಟವಳು ಅವಳೇ.

ಒಂಬತ್ತು ದಿನದಲ್ಲಿ ಒಂದು ಲಯ ಕಂಡಿತು. ಹನಿ ಬೆಳಿಗ್ಗೆ ಸುಮಾರು ಆರೂ ಮುಕ್ಕಾಲಿಗೆ ಶುರುವಾಗಿ ಒಂಬತ್ತೂವರೆಗೆ ನಿಲ್ಲುತ್ತಿತ್ತು. ಸಂಜೆ ಏಳರ ನಂತರ ಮತ್ತೆ ಸ್ವಲ್ಪ. ನಡುರಾತ್ರಿ ಏನೂ ಇಲ್ಲ. ಜುಲೈ 13 ಮತ್ತು 14ರಂದು ಮಳೆ ಹೊಳವು ಕೊಟ್ಟಿತ್ತು. ಆಗಲೂ ಬೆಳಗಿನ ಹನಿ ತಪ್ಪಲಿಲ್ಲ.

ಲೀಕೇಜಿನ ವಿಷಯದಲ್ಲಿ ಗಡಿಯಾರ ಬಹಳಷ್ಟು ಹೇಳುತ್ತದೆ. ಹೊರಗೋಡೆಯ ಬಿರುಕಿನಿಂದಲೋ ಟೆರೇಸಿನಿಂದಲೋ ಇಳಿಯುವ ನೀರು ಮಳೆಯ ಜೊತೆ ಹೆಚ್ಚಾಗಿ, ಹೊಳವಾದ ಮೇಲೆ ನಿಧಾನಕ್ಕೆ ಇಳಿಮುಖವಾಗುತ್ತದೆ. ಗೋಡೆಯೊಳಗೆ ಹೂತ ನಲ್ಲಿ ಪೈಪು ಒಡೆದಿದ್ದರೆ ಮೇಲಿನ ಟ್ಯಾಂಕಿನ ಒತ್ತಡ ಹಗಲೂ ರಾತ್ರಿ ಇರುವುದರಿಂದ ಹನಿ ರಾತ್ರಿಯೂ ಬೀಳುತ್ತದೆ. ಆ ಮನೆಯ ವಾಲ್ವ್ ಒಂದು ರಾತ್ರಿ ಮುಚ್ಚಿಟ್ಟರೆ ಅದು ಗೊತ್ತಾಗಿಬಿಡುತ್ತದೆ. ಜನ ಸ್ನಾನ ಮಾಡುವ, ಬಟ್ಟೆ ಒಗೆಯುವ ಹೊತ್ತಿಗೆ ಶುರುವಾಗಿ ಅವರು ಆಫೀಸಿಗೆ ಹೊರಟ ಮೇಲೆ ನಿಲ್ಲುವ ನೀರು ಬಹುತೇಕ ಬಳಸಿ ಬಿಟ್ಟ ನೀರೇ. ಅದು ಬರುವುದು ಮೇಲಿನ ಮನೆಯ ಬಾತ್‌ರೂಮಿನ ನೆಲದಿಂದ, ಅಲ್ಲಿನ ನಹಾನಿ ಟ್ರ್ಯಾಪಿನಿಂದ, ಇಲ್ಲವೇ ಎಲ್ಲ ಮಹಡಿಗಳ ನೀರನ್ನು ಕೆಳಕ್ಕೆ ಒಯ್ಯುವ ಡಕ್ಟಿನ ದೊಡ್ಡ ಪೈಪಿನಿಂದ.

ನನ್ನ ಅನುಮಾನ ಇನ್ನೂ ಕಾಕಾ ಅವರ ಮೇಲೆಯೇ. ಆದರೆ 14ರ ರಾತ್ರಿ ಅವರ ಮನೆಯವರೆಲ್ಲ ಊರಿಗೆ ಹೋದರು. ವಾಚ್‌ಮನ್ ಹೇಳಿದ. 15, 16, 17, ಮೂರು ಬೆಳಿಗ್ಗೆಯೂ ನಾನು ಮಂಚದ ಮೇಲೆ ನಿಂತು ಕಾದೆ. ಹನಿ ಕಡಿಮೆಯಾಯಿತು, ನಿಲ್ಲಲಿಲ್ಲ. ಕಾಂಕ್ರೀಟ್ ಹೀರಿಕೊಂಡಿರುವ ನೀರು ಬಳಕೆ ನಿಂತ ಮೇಲೂ ಒಂದೆರಡು ದಿನ ಜಿನುಗುವುದುಂಟು, ಹಾಗಾಗಿ ಒಂದು ದಿನ ನೋಡಿ ಏನೂ ಹೇಳಲಾಗದು. ಆದರೆ ಹೀರಿಕೊಂಡ ನೀರಿಗೆ ಬೆಳಿಗ್ಗೆ ಆರೂ ಮುಕ್ಕಾಲು ಗೊತ್ತಿರುವುದಿಲ್ಲ. ಬೀಗ ಹಾಕಿದ ಮನೆಯ ಕೆಳಗೆ ಮೂರನೇ ದಿನವೂ ಹೊತ್ತಿಗೆ ಸರಿಯಾಗಿ ಹನಿ ಬಿದ್ದಾಗ, ಕಳಿಸದೆ ಉಳಿದಿದ್ದ ಆ ಮೇಲನ್ನು ನೆನೆದು ಮುಖ ಬಿಸಿಯಾಯಿತು.

ಈ ವ್ಯತ್ಯಾಸದಲ್ಲಿ ದುಡ್ಡಿನ ಪ್ರಶ್ನೆಯೂ ಇದೆ. ಮಹಾರಾಷ್ಟ್ರದ ಸಹಕಾರಿ ಗೃಹ ಸೊಸೈಟಿಗಳ ಮಾದರಿ ಉಪವಿಧಿಗಳಲ್ಲಿ ಯಾವ ರಿಪೇರಿ ಸೊಸೈಟಿಯ ಖರ್ಚು, ಯಾವುದು ಸದಸ್ಯನ ಖರ್ಚು ಎಂಬ ಪಟ್ಟಿ ಇದೆ. ಹೊರಗೋಡೆ, ಟೆರೇಸು, ಒಳಚರಂಡಿ ಪೈಪುಗಳು, ಮಳೆನೀರಿನ ಸೋರಿಕೆ, ಸಾಮಾನ್ಯ ಪೈಪುಗಳಿಂದಾಗುವ ಸೋರಿಕೆ ಸೊಸೈಟಿಯದು. ಮನೆಯೊಳಗಿನ ಶೌಚಾಲಯ, ಸಿಂಕ್ ಮುಂತಾದವುಗಳಿಂದಾಗುವ ಸೋರಿಕೆ ಆ ಮನೆಯವರದು. ಆದರೆ ಅದು ಯಾರ ಮನೆಯದೆಂದು ಗುರುತಿಸುವ ಕೆಲಸ ಕಮಿಟಿಯದು. ಈ ಕೊನೆಯ ಮಾತು ನನಗೆ ಗೊತ್ತಿರಲಿಲ್ಲ. ಅಂದರೆ ತಪ್ಪಿತಸ್ಥರನ್ನು ಹೆಸರಿಸುವ ಅಗತ್ಯವೇ ನನಗಿರಲಿಲ್ಲ. ಬಂದು ನೋಡಿ ಗುರುತಿಸಿ ಎಂದು ಕೇಳಿದರೆ ಸಾಕಿತ್ತು. ಉಪವಿಧಿಯ ಪುಸ್ತಕ ಮಾಲೀಕರ ಬಳಿ ಇರುತ್ತದೆ. ಕಲಮಿನ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದಾದ್ದರಿಂದ, ನಿಮ್ಮ ಸೊಸೈಟಿ ಅಂಗೀಕರಿಸಿದ ಪ್ರತಿಯನ್ನೇ ನೋಡಿ ಬರೆಯಬೇಕು. ಬೇರೆಲ್ಲೋ ನೋಡಿ ಬರೆದ ತಪ್ಪು ಸಂಖ್ಯೆ ಒಂದಿದ್ದರೆ ಸಾಕು, ಉತ್ತರ ಪೂರ್ತಿ ಅದರ ಬಗ್ಗೆಯೇ ಬರುತ್ತದೆ. ನಾನು ಸಂಖ್ಯೆಯನ್ನೇ ಬರೆಯಲಿಲ್ಲ.

ಜುಲೈ 20ರಂದು ಮೇಲ್ ಹೋಯಿತು. ಮೂಲ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೀಗಾಗುತ್ತದೆ. ವಿಷಯದ ಸಾಲಿನಲ್ಲಿ ಫ್ಲಾಟ್ ನಂಬರು, "ಮಲಗುವ ಕೋಣೆಯ ಗೋಡೆಯಲ್ಲಿ ನೀರಿನ ಸೋರಿಕೆ, ಜೂನ್ 28ರಿಂದ, ಜಂಟಿ ಪರಿಶೀಲನೆಗೆ ವಿನಂತಿ" ಎಂದಷ್ಟೇ ಇತ್ತು. ಒಳಗೆ:

"ನಮಸ್ಕಾರ. ಫೋನಿನಲ್ಲಿ ತಿಳಿಸಿದ ಸೋರಿಕೆಯ ಬಗ್ಗೆ ಬರೆಯುತ್ತಿದ್ದೇನೆ. ಮಲಗುವ ಕೋಣೆಯಲ್ಲಿ, ಡಕ್ಟಿನ ಕಡೆಯ ಗೋಡೆಯ ಮೇಲಿನ ಮೂಲೆಯಲ್ಲಿ ಜೂನ್ 28ರಂದು ಸುಮಾರು 15 ಸೆಂಟಿಮೀಟರ್ ಅಗಲದ ಕಲೆ ಕಂಡಿತು. ಇಂದು ಅದು 62 ಸೆಂಟಿಮೀಟರ್ ಅಗಲವಿದೆ. ಪ್ಲಾಸ್ಟರ್ ಉಬ್ಬಿದೆ. ಕಲೆಯ ಕೆಳ ಅಂಚು ಸ್ವಿಚ್‌ಬೋರ್ಡಿನಿಂದ 40 ಸೆಂಟಿಮೀಟರ್ ದೂರದಲ್ಲಿದೆ. ಮುಂಜಾಗ್ರತೆಗೆ ಆ ಬೋರ್ಡನ್ನು ನಾವು ಬಳಸುತ್ತಿಲ್ಲ.

ಜುಲೈ 11ರಿಂದ 19ರವರೆಗೆ ದಿನವೂ ಗಮನಿಸಿದ್ದು ಇಷ್ಟು. ನೀರು ಬೆಳಿಗ್ಗೆ ಸುಮಾರು 6.45ರಿಂದ 9.30ರವರೆಗೆ, ಸಂಜೆ 7ರ ನಂತರ ಸ್ವಲ್ಪ ಹೊತ್ತು ಹನಿಯುತ್ತದೆ. ರಾತ್ರಿ ಹನಿಯುವುದಿಲ್ಲ. ಮಳೆಯಿಲ್ಲದ 13 ಮತ್ತು 14ರಂದೂ ಹನಿಯಿತು. ನಮ್ಮ ಮೇಲಿನ ಫ್ಲಾಟಿನವರು ಊರಲ್ಲಿರದ 15ರಿಂದ 17ರವರೆಗೆ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಕಾರಣ ಏನೆಂದು ನಾನು ಹೇಳಲಾರೆ. ಅದನ್ನು ಪ್ಲಂಬರ್ ನೋಡಿ ಹೇಳಬೇಕು.

ನನ್ನ ವಿನಂತಿ: ಸೊಸೈಟಿಯ ಕಮಿಟಿಯವರು ಪ್ಲಂಬರ್ ಜೊತೆ ಜುಲೈ 30, ಭಾನುವಾರದೊಳಗೆ ಒಂದು ಬೆಳಿಗ್ಗೆ 7ರಿಂದ 9ರ ನಡುವೆ ಬಂದು ನಮ್ಮ ಫ್ಲಾಟ್, ಮೇಲಿನ ಫ್ಲಾಟ್ ಮತ್ತು ಡಕ್ಟ್ ಮೂರನ್ನೂ ಪರಿಶೀಲಿಸುವಂತೆ ತಾವು ಸದಸ್ಯರಾಗಿ ಬರೆಯಬೇಕು. ಆ ಹೊತ್ತಿನಲ್ಲಿ ನಾನು ಯಾವ ದಿನವಾದರೂ ಮನೆಯಲ್ಲಿರುತ್ತೇನೆ. ಈ ಮೇಲನ್ನು ಹಾಗೆಯೇ ಅವರಿಗೆ ಕಳಿಸಬಹುದು.

ಗೋಡೆಗೆ ಆದ ಹಾನಿ ನಮ್ಮ ಬಳಕೆಯಿಂದ ಆದದ್ದಲ್ಲ ಎಂಬುದನ್ನು ತಾವು ಗಮನಿಸಿ, ಉತ್ತರದಲ್ಲಿ ಒಂದು ಸಾಲು ಬರೆದರೆ ಉಪಕಾರವಾಗುತ್ತದೆ. ಐದು ಫೋಟೋ, ಒಂದು ವಿಡಿಯೋ, ಡೈರಿಯ ಪುಟ ಲಗತ್ತಿಸಿದ್ದೇನೆ."

ಇಷ್ಟೇ. "ಕಾರಣ ನಾನು ಹೇಳಲಾರೆ" ಎಂಬ ಸಾಲು ತೆಗೆಯೋಣವೇ ಎಂದು ಕೇಳಿದ್ದೆ. ಧಾರವಾಡದವರು ಬೇಡವೆಂದರು. ಮೇಲಿನವರ ಮೇಲೆ ತಪ್ಪು ಹೊರಿಸದ ಮೇಲನ್ನು ಮೇಲಿನವರಿಗೂ ತೋರಿಸಬಹುದು ಎಂಬುದು ಅವರ ಲೆಕ್ಕ. ಹಾಗೇ ಆಯಿತು: ಸೆಕ್ರೆಟರಿ ಅದನ್ನು ಕಾಕಾ ಅವರಿಗೆ ತೋರಿಸಿದ್ದರಿಂದಲೇ ಅವರು ಬಾತ್‌ರೂಮಿನ ಬಾಗಿಲು ತೆರೆದರು.

ಫೋಟೋಗಳ ಬಗ್ಗೆ ಒಂದು ಮಾತು. ಮೊದಲು ನಾನು ವಾಟ್ಸಾಪಿನಲ್ಲಿ ಕಳಿಸಿದ ಹನ್ನೆರಡು ಫೋಟೋಗಳಲ್ಲಿ ಬರೀ ಕಲೆ ಇತ್ತು. ಅದು ಯಾವ ಕೋಣೆ, ಎಷ್ಟು ದೊಡ್ಡದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮಾಮೂಲಿನಂತೆ ಕಳಿಸಿದ ಫೋಟೋವನ್ನು ವಾಟ್ಸಾಪ್ ಕುಗ್ಗಿಸುತ್ತದೆ, ತೆಗೆದ ಸಮಯದ ಮಾಹಿತಿಯೂ ಉಳಿಯುವುದಿಲ್ಲ. ಮೇಲಿಗೆ ಮೂಲ ಫೈಲುಗಳನ್ನೇ ಹಾಕಿದೆ. ಒಂದರಲ್ಲಿ ಇಡೀ ಗೋಡೆ, ಕಿಟಕಿ ಸಮೇತ, ಒಂದರಲ್ಲಿ ಕಲೆಯ ಪಕ್ಕ ಮಗಳ ಸ್ಕೇಲು, ಒಂದರಲ್ಲಿ ತಾರೀಕು ಬರೆದ ಪೆನ್ಸಿಲ್ ಗೆರೆಗಳು, ಮರದ ಕಾಂಡದ ಉಂಗುರಗಳ ಹಾಗೆ, ಒಂದರಲ್ಲಿ ಸ್ವಿಚ್‌ಬೋರ್ಡು, ಕೊನೆಯದರಲ್ಲಿ ಕೆಳಗಿಟ್ಟ ಪಾತ್ರೆ. ಕಮಿಟಿಯ ಮೀಟಿಂಗಿನಲ್ಲಿ ಅವರು ಕೈಯಿಂದ ಕೈಗೆ ದಾಟಿಸಿದ್ದು ಪೆನ್ಸಿಲ್ ಗೆರೆಗಳ ಫೋಟೋ ಎಂದು ಆಮೇಲೆ ಗೊತ್ತಾಯಿತು.

ಮಾಲೀಕರು 23ಕ್ಕೆ ಉತ್ತರಿಸಿದರು. ಹಾನಿ ಬಾಡಿಗೆದಾರರಿಂದ ಆದದ್ದಲ್ಲ ಎಂದು ಒಂದು ಸಾಲು ಬರೆದು, ಮೇಲನ್ನು ಸೊಸೈಟಿಗೆ ಕಳಿಸಿದರು. ಜೊತೆಗೆ ತಮ್ಮ ಸಹಿಯ ಒಂದು ಪುಟದ ಪತ್ರವನ್ನು ಸ್ಕ್ಯಾನ್ ಮಾಡಿ ನನಗೆ ಕೊಟ್ಟರು. ಇಲ್ಲಿ ಒಂದು ವಿಷಯ ಕಲಿತೆ. ನಮ್ಮಂಥ ಸೊಸೈಟಿಗಳ ಇಮೇಲ್ ಪೆಟ್ಟಿಗೆಯನ್ನು ಯಾರು ತೆರೆಯುತ್ತಾರೋ ದೇವರಿಗೇ ಗೊತ್ತು. ಹಿಂದಿನ ಸೆಕ್ರೆಟರಿಯ ಮಗನ ಫೋನಿನಲ್ಲೂ ಇರಬಹುದು. ಪತ್ರವನ್ನು ಎರಡು ಪ್ರತಿ ಪ್ರಿಂಟ್ ತೆಗೆದು ಸೊಸೈಟಿ ಆಫೀಸಿಗೆ ಒಯ್ದು, ಒಂದು ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು, ಸಹಿ, ತಾರೀಕು ಹಾಕಿಸಿಕೊಂಡೆ. ಮಾದರಿ ಉಪವಿಧಿಗಳ ಪ್ರಕಾರ ಸದಸ್ಯನ ಲಿಖಿತ ದೂರನ್ನು ಕಮಿಟಿ ಮುಂದಿನ ಸಭೆಯಲ್ಲೇ ತೆಗೆದುಕೊಂಡು, ನಿರ್ಧಾರವನ್ನು ಆಮೇಲೆ 15 ದಿನದೊಳಗೆ ತಿಳಿಸಬೇಕು. ಆ ಲೆಕ್ಕ ಶುರುವಾಗುವುದಕ್ಕೆ ಮೊಹರು ಬೇಕು.

ಜುಲೈ 30 ಬಂತು, ಹೋಯಿತು. ಯಾರೂ ಬರಲಿಲ್ಲ. 31ರಂದು ಅದೇ ಮೇಲಿಗೆ ಉತ್ತರವಾಗಿ ನಾಲ್ಕು ಸಾಲು ಬರೆದೆ: ಪರಿಶೀಲನೆ ಆಗಿಲ್ಲ, ಕಲೆ ಈಗ 71 ಸೆಂಟಿಮೀಟರ್, ಸ್ವಿಚ್‌ಬೋರ್ಡಿಗೆ 28, ಆಗಸ್ಟ್ 6ರ ಬೆಳಿಗ್ಗೆ 8ಕ್ಕೆ ನಿಗದಿ ಮಾಡಬಹುದೇ, ಸ್ವಿಚ್‌ಬೋರ್ಡಿನ ಕಾರಣ ಇನ್ನೂ ತಡಮಾಡುವುದು ಅಪಾಯ ಎಂದು ದಾಖಲಿಸುತ್ತಿದ್ದೇನೆ. ಹಳೆಯ ಕತೆ ಮತ್ತೆ ಹೇಳಲಿಲ್ಲ, ಅದು ಕೆಳಗೆ ಮೊದಲ ಮೇಲಿನಲ್ಲೇ ಇತ್ತು. ಈ ನಾಲ್ಕು ಸಾಲು ಮೊದಲ ಮೇಲಿಗಿಂತ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅನಿಸಿಕೆ. "ಅಪಾಯ ಎಂದು ದಾಖಲಿಸುತ್ತಿದ್ದೇನೆ" ಎಂದು ಓದಿದ ಮೇಲೆ ನೋಡಲಿಲ್ಲ ಎಂದು ಹೇಳುವುದು ಯಾವ ಕಮಿಟಿಗೂ ಕಷ್ಟ.

ಆಗಸ್ಟ್ 6ರಂದು ಸೆಕ್ರೆಟರಿ, ಪ್ಲಂಬರ್, ಕಾಕಾ, ಎಲ್ಲ ನಮ್ಮ ಮಲಗುವ ಕೋಣೆಯಲ್ಲಿ. ಮೊದಲು ಕಾಕಾ ಅವರ ಬಾತ್‌ರೂಮಿನಲ್ಲಿ ಒಂದು ಗಂಟೆ ನೀರು ಬಳಸಬಾರದೆಂದಾಯಿತು. ನಾಲ್ಕನೇ ಮಹಡಿಯಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿದ ಎರಡು ಬಕೆಟ್ ನೀರನ್ನು ನಹಾನಿಗೆ ಸುರಿದರು. ಇಪ್ಪತ್ತು ನಿಮಿಷದೊಳಗೆ ನಮ್ಮ ಮೂಲೆಯಲ್ಲಿ ಬಿದ್ದ ಹನಿಯನ್ನು ಪ್ಲಂಬರ್ ಬಿಳಿ ಬಟ್ಟೆಯಲ್ಲಿ ಹಿಡಿದ. ತಿಳಿ ನೀಲಿ. ಆಮೇಲೆ ಡಕ್ಟಿನ ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿದಾಗ, ಮೂರನೇ ಮಹಡಿಯ ನೆಲದ ಮಟ್ಟದಲ್ಲಿ ಹಳೆಯ ಬೀಡು ಕಬ್ಬಿಣದ ಪೈಪಿನ ಜೋಡಣೆ ಒಡೆದಿತ್ತು. ಅಲ್ಲಿಂದ ಚಿಮ್ಮಿದ ನೀರು ನಮ್ಮ ಗೋಡೆಯ ಹೊರಮೈಯ ಬಿರುಕಿಗೆ ಹೋಗುತ್ತಿತ್ತು. ನಾಲ್ಕನೆಯವರ ನೀರೂ, ಕಾಕಾ ಅವರ ನೀರೂ ಅದೇ ಪೈಪಿನಲ್ಲಿ ಇಳಿಯುವುದರಿಂದ ಅವರು ಊರಿಗೆ ಹೋದಾಗ ಹನಿ ಅರ್ಧವಾಗಿತ್ತು. ಪೈಪು ಸೊಸೈಟಿಯದು. ಕಾಕಾ ನನ್ನ ಕಡೆ ನೋಡಿ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಎಲ್ಲ ಪ್ರಕರಣವೂ ಇಷ್ಟು ಸ್ಪಷ್ಟವಾಗಿ ತೀರುವುದಿಲ್ಲ. ಬಣ್ಣದ ನೀರು ಪ್ಲಾಸ್ಟರಿನಲ್ಲಿ ಸೋಸಿ ಬಿಳಿಯಾಗಿಯೇ ಬರಬಹುದು. ಆಗ ಮೇಲಿನ ಬಾತ್‌ರೂಮಿನ ನಹಾನಿ ಮುಚ್ಚಿ, ನೆಲದ ಮೇಲೆ ಒಂದಿಂಚು ನೀರು ಒಂದು ದಿನ ನಿಲ್ಲಿಸಿ ನೋಡುತ್ತಾರೆ. ಅದಕ್ಕೆ ಆ ಮನೆಯವರ ಒಪ್ಪಿಗೆ ಬೇಕು, ಒಪ್ಪದಿದ್ದರೆ ಅಲ್ಲಿಗೇ ನಿಂತಿತು. ಕಮಿಟಿ ಏನೂ ಮಾಡದಿದ್ದರೆ ಸೋರಿಕೆ, ರಿಪೇರಿಯ ತಂಟೆಗಳಿಗೆ ಉಪವಿಧಿಗಳು ತೋರಿಸುವ ದಾರಿ ಸಹಕಾರಿ ನ್ಯಾಯಾಲಯ. ಅಲ್ಲಿಗೂ ಹೋಗಬೇಕಾದವರು ಸದಸ್ಯರೇ, ಬಾಡಿಗೆದಾರನಲ್ಲ. ಮೊಹರು ಬಿದ್ದ ಆ ಪತ್ರ ಮಾಲೀಕರ ಹೆಸರಲ್ಲಿ ಇರಬೇಕಾದದ್ದು ಅದಕ್ಕೂ ಹೌದು.

ಪೈಪಿನ ಒಂದು ತುಂಡು ಬದಲಿಸಿ ಹೊರಗಿನ ಬಿರುಕು ಮುಚ್ಚುವ ಹೊತ್ತಿಗೆ ಆಗಸ್ಟ್ 24 ಆಯಿತು. ಅಲ್ಲಿಂದ ಇನ್ನೊಂದು ಸಣ್ಣ ಹಗ್ಗಜಗ್ಗಾಟ. ಗಣಪತಿ ಹಬ್ಬದ ಮುಂಚೆ ಬಣ್ಣ ಬಳಿದು ಮುಗಿಸೋಣ ಎಂದರು ಸೆಕ್ರೆಟರಿ. ಒದ್ದೆ ಗೋಡೆಗೆ ಬಣ್ಣ ಬಳಿದರೆ ಒಳಗಿನ ತೇವ ಹೊರಬರುವಾಗ ಬಿಳಿ ಉಪ್ಪಿನ ಪುಡಿ ಎದ್ದು ಬಣ್ಣ ಹಪ್ಪಳವಾಗುತ್ತದೆ. ಆಗ ಪೈಪು ಮತ್ತೆ ಸೋರುತ್ತಿದೆಯೋ ಹಳೆಯ ತೇವವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸಡಿಲಾದ ಪ್ಲಾಸ್ಟರ್ ಕೆರೆದು ಒಣಗಲು ಬಿಡಿ, ಅಕ್ಟೋಬರಿನಲ್ಲಿ ಬಣ್ಣ ಹಚ್ಚಿ ಎಂದು ಮೇಲ್ ಬರೆದೆ. ಈ ಸಲ ಪ್ಲಂಬರನೂ ನನ್ನ ಕಡೆ ಇದ್ದ. ಕೊನೆಯ ಪೆನ್ಸಿಲ್ ಗೆರೆ ಆಗಸ್ಟ್ 25ರದ್ದು. ಸೆಪ್ಟೆಂಬರ್ ಪೂರ್ತಿ ಕಲೆ ಅದನ್ನು ದಾಟಲಿಲ್ಲ.

ಮರುವರ್ಷ ಎಗ್ರಿಮೆಂಟ್ ಮುಗಿದು ಮನೆ ಬಿಡುವಾಗ, ಮಾಲೀಕರ ಪರವಾಗಿ ಬಂದ ಬ್ರೋಕರ್ ಆ ಮೂಲೆಯ ತೇಪೆಯನ್ನು ತೋರಿಸಿ, ಗೋಡೆಯ ಖರ್ಚೆಂದು ಡಿಪಾಸಿಟ್ಟಿನಲ್ಲಿ ಎಂಟು ಸಾವಿರ ಹಿಡಿಯಬೇಕಾಗುತ್ತದೆ ಎಂದ. ಜುಲೈ 23ರ ಉತ್ತರವನ್ನು ಅಲ್ಲಿಯೇ ನಿಂತು ಫೋನಿನಿಂದ ಅವನಿಗೆ ಕಳಿಸಿದೆ. ಓದಿಕೊಂಡು ಅಡುಗೆಮನೆ ನೋಡಲು ಹೋದ. ಮೂರನೇ ದಿನ ಡಿಪಾಸಿಟ್ಟಿನ ಅರವತ್ತು ಸಾವಿರವೂ ಬಂತು.